ಬಾಟ್ ಮಾಡಿದ ಟ್ರೇಡಿಂಗ್: ಹಣ ಬ್ಯಾಂಕಿಗೆ ಬಾರದಿದ್ದರೆ ತೆರಿಗೆ ಲೆಕ್ಕ ಬೇಡವೇ?

"ಬಾಟ್ ತಾನೇ ಕೊಂಡು ತಾನೇ ಮಾರುತ್ತದೆ. ಹಣವನ್ನು ಬ್ಯಾಂಕಿಗೆ ತೆಗೆದುಕೊಳ್ಳುವವರೆಗೆ ತೆರಿಗೆ ಇಲ್ಲ. ವರ್ಷದ ಕೊನೆಗೆ ಉಳಿದ ಲಾಭ ತೋರಿಸಿದರೆ ಸಾಕು." ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿರುವ ನಿಮಗೂ ಇಂಥದ್ದೊಂದು ಮಾತು ತಲುಪಿರಬಹುದು. ಇದು ನಿಜವೇ?

ಇಲ್ಲ. ಬಾಟ್ ಎಂದರೆ ನಿಮ್ಮ ಪರವಾಗಿ ಆರ್ಡರ್ ಹಾಕುವ ಒಂದು ಪ್ರೋಗ್ರಾಂ, ಅಷ್ಟೇ. ಖಾತೆ ಯಾರ ಪ್ಯಾನ್‌ಗೆ ಸೇರಿದೆಯೋ ಲಾಭ ನಷ್ಟ ಅವರದೇ. ತೆರಿಗೆ ಬೀಳುವುದು ಬ್ಯಾಂಕಿಗೆ ಬಂದ ಹಣದ ಮೇಲೆ ಅಲ್ಲ, ಒಂದೊಂದು ಮಾರಾಟದಲ್ಲಿ ಆದ ಲಾಭದ ಮೇಲೆ. ಆದ್ದರಿಂದ ಪ್ರತಿ ಮಾರಾಟಕ್ಕೂ ದಾಖಲೆ ಬೇಕು.

ಕ್ರಿಪ್ಟೊ ಬಾಟ್: ಗೆದ್ದರೂ ಸೋಲುವ ಲೆಕ್ಕ

ಒಂದು ಉದಾಹರಣೆ ನೋಡೋಣ. ಮಾಲೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಯುವಕನೊಬ್ಬ ಕ್ರಿಪ್ಟೊ ಬಾಟ್‌ಗೆ 1 ಲಕ್ಷ ರೂಪಾಯಿ ಹಾಕಿದ ಎಂದುಕೊಳ್ಳಿ. ಬಾಟ್ ವರ್ಷದಲ್ಲಿ 120 ಸಲ ಮಾರಿತು, ಒಂದೊಂದು ಸಲಕ್ಕೆ ಸುಮಾರು 10,000 ರೂಪಾಯಿಯಷ್ಟು. 70 ಸಲ ಲಾಭ ಬಂತು, ಒಟ್ಟು 60,000. ಉಳಿದ 50 ಸಲ ನಷ್ಟವಾಯಿತು, ಒಟ್ಟು 50,000. ಕೈಗೆ ಉಳಿದ ಲಾಭ 10,000 ಎಂದು ಆತ ಖುಷಿಪಡುತ್ತಾನೆ.

ಆದರೆ 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಕ್ರಿಪ್ಟೊ ಲಾಭಕ್ಕೆ ಶೇ 30ರಷ್ಟು ತೆರಿಗೆ. ಒಂದು ಮಾರಾಟದ ನಷ್ಟವನ್ನು ಇನ್ನೊಂದು ಮಾರಾಟದ ಲಾಭದಿಂದ ಕಳೆಯಲು ಅವಕಾಶವಿಲ್ಲ. ಕೊಂಡ ಬೆಲೆ ಬಿಟ್ಟು ಬಾಟ್‌ನ ತಿಂಗಳ ಶುಲ್ಕವನ್ನೂ ಕಳೆಯುವಂತಿಲ್ಲ. ಹಾಗಾಗಿ ಆತ ತೆರಿಗೆ ಕಟ್ಟಬೇಕಾದದ್ದು 10,000ಕ್ಕಲ್ಲ, 60,000ಕ್ಕೆ. ಶೇ 30ರಂತೆ 18,000, ಅದರ ಮೇಲೆ ಶೇ 4ರ ಸೆಸ್ 720. ಒಟ್ಟು 18,720 ರೂಪಾಯಿ. ಹತ್ತು ಸಾವಿರ ಗಳಿಸಿದವನು ಕೊನೆಗೆ 8,720 ರೂಪಾಯಿ ಕಳೆದುಕೊಂಡ.

ಇದರಲ್ಲಿ ಒಂದು ಭಾಗ ಆಗಲೇ ಕಡಿತವಾಗಿರುತ್ತದೆ. 2022ರ ಜುಲೈಯಿಂದ ಭಾರತದ ಎಕ್ಸ್‌ಚೇಂಜ್‌ಗಳು ಮಾರಾಟದ ಮೊತ್ತದಲ್ಲಿ ಶೇ 1ರಷ್ಟು ಟಿಡಿಎಸ್ ಹಿಡಿಯುತ್ತವೆ. ನಮ್ಮ ಉದಾಹರಣೆಯಲ್ಲಿ ಮಾರಾಟದ ಮೊತ್ತ 12 ಲಕ್ಷ, ಟಿಡಿಎಸ್ 12,000. ಉಳಿದ 6,720 ರೂಪಾಯಿಯನ್ನು ಆತ ರಿಟರ್ನ್ ಸಲ್ಲಿಸುವಾಗ ಕಟ್ಟಬೇಕು.

ರಿಟರ್ನ್ ಅರ್ಜಿಯಲ್ಲಿ ಕ್ರಿಪ್ಟೊಗೆಂದೇ ಇರುವ ಭಾಗವು ಕೊಂಡ ದಿನ, ಮಾರಿದ ದಿನ, ಕೊಂಡ ಬೆಲೆ, ಮಾರಿದ ಬೆಲೆ ಇವನ್ನೆಲ್ಲ ಕೇಳುತ್ತದೆ. ವರ್ಷದ ಮೊತ್ತವೊಂದನ್ನೇ ಇಟ್ಟುಕೊಂಡವರ ಬಳಿ ಇದಕ್ಕೆ ಉತ್ತರ ಇರುವುದಿಲ್ಲ.

ಷೇರು ಬಾಟ್: ಪರದೆಯಲ್ಲಿ ನಷ್ಟ, ಲೆಕ್ಕದಲ್ಲಿ ಲಾಭ

ಷೇರುಗಳ ನಿಯಮ ಬೇರೆ. ಇಲ್ಲಿ ನಷ್ಟ ಕಳೆಯಲು ಅವಕಾಶವಿದೆ. ಆದರೆ ಬಾಟ್‌ನ ಪರದೆ ತೋರಿಸುವ ಅಂಕಿಯೇ ಬಂಡವಾಳ ಲಾಭ ಆಗಬೇಕೆಂದಿಲ್ಲ.

ಬಾಟ್ ಜೂನ್‌ನಲ್ಲಿ ಒಂದು ಕಂಪನಿಯ 10 ಷೇರುಗಳನ್ನು 500 ರೂಪಾಯಿಯಂತೆ ಕೊಂಡಿತು. ನವೆಂಬರ್‌ನಲ್ಲಿ ಮತ್ತೆ 10 ಷೇರು, 560ರಂತೆ. ಫೆಬ್ರುವರಿಯಲ್ಲಿ 10 ಷೇರುಗಳನ್ನು 540ರಂತೆ ಮಾರಿತು. ಬಾಟ್ ತನ್ನ ಕೊನೆಯ ಖರೀದಿಯೊಂದಿಗೆ ಹೋಲಿಸಿದರೆ 200 ರೂಪಾಯಿ ನಷ್ಟ ತೋರಿಸುತ್ತದೆ. ತೆರಿಗೆ ನಿಯಮ ಹಾಗೆ ನೋಡುವುದಿಲ್ಲ. ಡಿಮ್ಯಾಟ್ ಖಾತೆಗೆ ಮೊದಲು ಬಂದ ಷೇರೇ ಮೊದಲು ಹೋಯಿತು ಎಂದು ಹಿಡಿಯುತ್ತದೆ. ಅಂದರೆ ಮಾರಿದ್ದು ಜೂನ್‌ನ ಷೇರು, ಲಾಭ 400 ರೂಪಾಯಿ. ಒಂದು ವರ್ಷದೊಳಗೆ ಮಾರಿದ್ದರಿಂದ ಇದು ಅಲ್ಪಾವಧಿ ಲಾಭ. 2024ರ ಜುಲೈ 23ರಿಂದ ಇದಕ್ಕೆ ಶೇ 20ರ ದರ.

ಅದೇ ಬಾಟ್ ಒಂದೇ ದಿನದಲ್ಲಿ 10 ಷೇರು ಕೊಂಡು 10 ಷೇರು ಮಾರಿದರೆ ಲೆಕ್ಕ ಮತ್ತೆ ಬದಲಾಗುತ್ತದೆ. ಹಳೆಯ ಷೇರುಗಳು ಖಾತೆಯಲ್ಲೇ ಉಳಿಯುತ್ತವೆ, ಆ ದಿನದ ಖರೀದಿ ಮಾರಾಟ ಪರಸ್ಪರ ಚುಕ್ತಾ ಆಗುತ್ತವೆ. ಇದು ಬಂಡವಾಳ ಲಾಭವೇ ಅಲ್ಲ, ಸಟ್ಟಾ ವ್ಯಾಪಾರದ ಆದಾಯ. ಇದರ ನಷ್ಟವನ್ನು ಬಂಡವಾಳ ಲಾಭದಿಂದ ಕಳೆಯುವಂತಿಲ್ಲ, ಇಂಥದ್ದೇ ವ್ಯಾಪಾರದ ಲಾಭದಿಂದ ಮಾತ್ರ ಕಳೆಯಬಹುದು. ಸಂಬಳದಾರರು ಸಾಮಾನ್ಯವಾಗಿ ತುಂಬುವ ಐಟಿಆರ್-1 ಇಲ್ಲಿ ನಡೆಯುವುದಿಲ್ಲ, ಐಟಿಆರ್-3 ಬೇಕಾಗುತ್ತದೆ. ಯಾವ ಮಾರಾಟ ಯಾವ ಗುಂಪಿಗೆ ಸೇರುತ್ತದೆ ಎಂದು ತಿಳಿಯಲು ದಿನಾಂಕವಿರುವ ಟ್ರೇಡ್ ಪಟ್ಟಿಯೇ ಆಧಾರ.

ಇಲಾಖೆಗೆ ಕಾಣುವುದು ಏನು?

2025ರ ಜುಲೈನಲ್ಲಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಜಮೆಗಳ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದದ್ದು ನೆನಪಿರಬಹುದು. ಅದು ಜಿಎಸ್‌ಟಿ ವಿಷಯ, ಇದು ಆದಾಯ ತೆರಿಗೆ. ಆದರೂ ಒಂದು ಹೋಲಿಕೆ ಇದೆ. ಜಮೆಯಾದ ಮೊತ್ತ ದಾಖಲೆಯಲ್ಲಿ ಕಾಣುತ್ತದೆ, ಅದರ ಹಿಂದಿನ ಖರ್ಚು ಕಾಣುವುದಿಲ್ಲ. ನಮ್ಮ ಯುವಕನ ವಿಷಯದಲ್ಲೂ ಟಿಡಿಎಸ್ ಮೂಲಕ ಇಲಾಖೆಗೆ ತಿಳಿಯುವುದು 12 ಲಕ್ಷದ ಮಾರಾಟ. ಅದನ್ನು ಕೊಳ್ಳಲು 11 ಲಕ್ಷ 90 ಸಾವಿರ ಹೋಗಿದೆ ಎಂದು ತೋರಿಸಬೇಕಾದವನು ಆತನೇ. ಕೋಲಾರದ ಎಪಿಎಂಸಿಗೆ ಟೊಮೆಟೊ ಹಾಕುವ ರೈತರು ಪ್ರತಿ ಲೋಡಿಗೂ ಮಂಡಿಯ ಚೀಟಿ ಎತ್ತಿಡುವುದು ಇಂಥದ್ದೇ ಕಾರಣಕ್ಕೆ. ಚೀಟಿ ಇಲ್ಲದೆ ಲೆಕ್ಕ ಕೇಳಲು ಆಗದು.

ಏನನ್ನು, ಹೇಗೆ ಇಟ್ಟುಕೊಳ್ಳಬೇಕು?

ಷೇರಾದರೆ ಬ್ರೋಕರ್ ಇಮೇಲ್‌ಗೆ ಕಳುಹಿಸುವ ಕಾಂಟ್ರಾಕ್ಟ್ ನೋಟ್‌ಗಳನ್ನು ಅಳಿಸಬೇಡಿ. ಜೊತೆಗೆ ತಿಂಗಳಿಗೊಮ್ಮೆ ಟ್ರೇಡ್ ಪಟ್ಟಿಯನ್ನು ಡೌನ್‌ಲೋಡ್ ಮಾಡಿ. ಕ್ರಿಪ್ಟೊ ಆದರೆ ಎಕ್ಸ್‌ಚೇಂಜ್‌ನಿಂದ ಪೂರ್ಣ ಪಟ್ಟಿಯನ್ನು ಇಳಿಸಿಕೊಳ್ಳಿ. ಅದರಲ್ಲಿ ಕನಿಷ್ಠ ಈ ಕಾಲಂಗಳು ಇರಬೇಕು:

```
date,time,symbol,side,qty,price,fee,tds,order_id
```

ಬಾಟ್ ಆ್ಯಪ್‌ನ ಸ್ಕ್ರೀನ್‌ಶಾಟ್ ಸಾಲದು. ಅದರಲ್ಲಿ ಆರ್ಡರ್ ಸಂಖ್ಯೆ ಇಲ್ಲದಿದ್ದರೆ ಬ್ರೋಕರ್ ದಾಖಲೆಯೊಂದಿಗೆ ತಾಳೆ ನೋಡಲು ಆಗುವುದಿಲ್ಲ. ವರ್ಷಾಂತ್ಯದವರೆಗೆ ಕಾಯುವುದೂ ಬೇಡ. 2024ರ ಜುಲೈನಲ್ಲಿ ಹ್ಯಾಕ್ ಆದ ನಂತರ ವಜೀರ್‌ಎಕ್ಸ್ ಎಕ್ಸ್‌ಚೇಂಜ್‌ನಲ್ಲಿ ವಹಿವಾಟು ತಿಂಗಳುಗಟ್ಟಲೆ ನಿಂತಿತ್ತು. ಫೈಲ್ ನಿಮ್ಮ ಬಳಿ ಇದ್ದರೆ ಆ್ಯಪ್ ತೆರೆಯದಿದ್ದರೂ ಲೆಕ್ಕ ನಿಲ್ಲುವುದಿಲ್ಲ.

ಗಂಟೆಯನ್ನೂ ಗಮನಿಸಿ. ಕೆಲವು ಎಕ್ಸ್‌ಚೇಂಜ್‌ಗಳ ಫೈಲ್‌ನಲ್ಲಿ ಸಮಯ UTC ಎಂದಿರುತ್ತದೆ. ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಏಪ್ರಿಲ್ 1ರ ನಸುಕಿನ 3 ಗಂಟೆಗೆ ಬಾಟ್ ಮಾರಿದ್ದು ಫೈಲ್‌ನಲ್ಲಿ ಮಾರ್ಚ್ 31ರ ರಾತ್ರಿ ಒಂಬತ್ತೂವರೆ ಎಂದು ಕಾಣುತ್ತದೆ. ಹಾಗೇ ಬಿಟ್ಟರೆ ಆ ಲಾಭ ಬೇರೆ ಹಣಕಾಸು ವರ್ಷಕ್ಕೆ ಸೇರಿಬಿಡುತ್ತದೆ. ಬಾಟ್‌ಗಳು ರಾತ್ರಿಯಿಡೀ ಕೆಲಸ ಮಾಡುವುದರಿಂದ ಈ ತಪ್ಪು ಸುಲಭವಾಗಿ ಆಗುತ್ತದೆ.

ಪಟ್ಟಿ ಪೂರ್ತಿ ಇದೆಯೇ ಎಂದು ತಿಳಿಯುವುದು ಹೇಗೆ? ಆದಾಯ ತೆರಿಗೆ ಜಾಲತಾಣದಲ್ಲಿ ನಿಮ್ಮ ಫಾರ್ಮ್ 26ಎಎಸ್ ಮತ್ತು ವಾರ್ಷಿಕ ಮಾಹಿತಿ ಪಟ್ಟಿಯನ್ನು ತೆರೆಯಿರಿ. ಶೇ 1ರಂತೆ ಹಿಡಿದ ಕ್ರಿಪ್ಟೊ ಟಿಡಿಎಸ್ ಅನ್ನು ನೂರರಿಂದ ಗುಣಿಸಿ. ಟಿಡಿಎಸ್ 12,000 ಇದ್ದರೆ ನಿಮ್ಮ ಪಟ್ಟಿಯ ಮಾರಾಟ ಸುಮಾರು 12 ಲಕ್ಷಕ್ಕೆ ಬರಬೇಕು. 9 ಲಕ್ಷಕ್ಕೇ ನಿಂತರೆ 3 ಲಕ್ಷದಷ್ಟು ಮಾರಾಟ ನಿಮ್ಮ ಫೈಲ್‌ನಲ್ಲಿ ಇಲ್ಲ ಎಂದರ್ಥ. ಬಾಟ್ ಜೋಡಿಸಿದ ಇನ್ನೊಂದು ಖಾತೆ ಇದೆಯೇ, ಯಾವುದಾದರೂ ತಿಂಗಳು ಬಿಟ್ಟುಹೋಗಿದೆಯೇ ಎಂದು ಹುಡುಕಿ.

ಒಟ್ಟಾರೆ

"ಹಣ ತೆಗೆಯುವವರೆಗೆ ತೆರಿಗೆ ಇಲ್ಲ" ಎಂಬುದು ತಪ್ಪು. "ಉಳಿದ ಲಾಭ ತೋರಿಸಿದರೆ ಸಾಕು" ಎಂಬುದು ಕ್ರಿಪ್ಟೊಗೆ ಪೂರ್ತಿ ತಪ್ಪು, ಷೇರಿಗೆ ಅರ್ಧ ತಪ್ಪು. ಆ ಸಂದೇಶ ಮತ್ತೆ ಬಂದರೆ ಕಳುಹಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: 60,000 ಲಾಭ, 50,000 ನಷ್ಟವಾದ ಕ್ರಿಪ್ಟೊ ಬಾಟ್‌ಗೆ ತೆರಿಗೆ ಎಷ್ಟು?