‘ಹೌದು ಮೇಡಂ, ಬೆಸ್ಟ್ ಕ್ವಾಲಿಟಿ’

ಆನ್‌ಲೈನ್ ಅಂಗಡಿಯಲ್ಲಿ ಇಳಕಲ್ ಸೀರೆಯೊಂದರ ಚಿತ್ರವಿದೆ. ಕೆಳಗೆ ಬೆಲೆ ಮತ್ತು ನಾಲ್ಕು ಸಾಲಿನ ವಿವರ. ಅದರ ಕೆಳಗೆ ಯಾರೋ ಒಬ್ಬರು ಕೇಳಿದ್ದಾರೆ: ‘ಇದು ಪ್ಯೂರ್ ಸಿಲ್ಕಾ?’ ಮಾರುವವರ ಉತ್ತರ: ‘ಹೌದು ಮೇಡಂ, ಬೆಸ್ಟ್ ಕ್ವಾಲಿಟಿ.’

ಈ ಉತ್ತರ ಬರೆದವನು ನಾನೇ. ಬಾಗಲಕೋಟೆ ಕಡೆಯ ನನ್ನ ಅತ್ತಿಗೆ ನೇಕಾರರ ಮನೆಗಳಿಂದ ಸೀರೆ ತಂದು ಆನ್‌ಲೈನಿನಲ್ಲಿ ಮಾರುತ್ತಾರೆ. ಟೈಪು ಮಾಡುವ ಕೆಲಸ ಬೆಂಗಳೂರಿನಲ್ಲಿ ಕೂತ ನನ್ನದು. ಕೇಳಿದವರು ಸೀರೆ ತರಿಸಿಕೊಂಡರು, ಮುಟ್ಟಿ ನೋಡಿದರು, ವಾಪಸ್ ಕಳಿಸಿದರು. ಹೋಗುವ ಕೊರಿಯರ್, ಬರುವ ಕೊರಿಯರ್ ಎರಡೂ ಅತ್ತಿಗೆಯ ತಲೆಗೇ ಬಂತು. ‘ಮೈ ಹತ್ತಿ ಐತಿ ಅಂತ ನಿನಗ ಗೊತ್ತಿತ್ತಲ್ಲೋ, ಹೌದು ಅಂತ ಯಾಕ ಬರದಿ?’ ಎಂದು ಕೇಳಿದರು. ನನ್ನ ಹತ್ತಿರ ಇದ್ದ ಸಮರ್ಥನೆ ಒಂದೇ: ಎಲ್ಲರೂ ಹಾಗೇ ಬರೆಯುತ್ತಾರೆ.

ಎಲ್ಲರೂ ಹಾಗೇ ಬರೆಯುತ್ತಾರೆ ಎಂಬುದರ ಮೇಲೆಯೇ ನನ್ನ ಜಗಳ. ಪುಸ್ತಕದ ಬೆನ್ನುಡಿಯಲ್ಲಿ ಒಂದು ಸುಳ್ಳು ವಿಶೇಷಣ ಕಂಡರೆ ನಾವು ಓದುಗರು ವಾರಗಟ್ಟಲೆ ಚರ್ಚೆ ಮಾಡುತ್ತೇವೆ. ಮಾರುವ ಸಾಮಾನಿನ ಕೆಳಗಿನ ಒಂದು ಸಾಲನ್ನು ಮಾತ್ರ ಬರವಣಿಗೆ ಎಂದೇ ಎಣಿಸುವುದಿಲ್ಲ. ಆದರೆ ಜನ ದುಡ್ಡು ಕೊಡುವುದು ಆ ಸಾಲನ್ನು ನಂಬಿ.

ಮೊದಲ ತಪ್ಪು, ಆ ಉತ್ತರ ಕೇಳಿದವರೊಬ್ಬರಿಗೆ ಎಂದುಕೊಳ್ಳುವುದು. ಕೇಳಿದವರು ಒಮ್ಮೆ ಓದಿ ಹೋಗುತ್ತಾರೆ. ಪ್ರಶ್ನೆ ಮತ್ತು ಉತ್ತರ ಮಾತ್ರ ಸೀರೆಯ ಕೆಳಗೆ ಉಳಿಯುತ್ತವೆ. ಮುಂದೆ ಬರುವವರಲ್ಲಿ ಹಲವರು ವಿವರವನ್ನು ಬಿಟ್ಟು ನೇರ ಅಲ್ಲಿಗೇ ಇಳಿಯುತ್ತಾರೆ. ವಿವರ ಮಾರುವವರ ಮಾತು, ಪ್ರಶ್ನೆಯಾದರೋ ತಮ್ಮಂಥವರೇ ಕೇಳಿದ್ದು ಎಂಬ ನಂಬಿಕೆ ಅವರದು. ಹಾಗಾಗಿ ಅಲ್ಲಿನ ಒಂದು ಸಾಲಿಗೆ ಮೇಲಿನ ನಾಲ್ಕು ಸಾಲಿಗಿಂತ ಹೆಚ್ಚು ತೂಕ.

ಈಗ ಆ ಪ್ರಶ್ನೆಯನ್ನೇ ಬಿಡಿಸಿ ನೋಡೋಣ. ಇಳಕಲ್ ಸೀರೆ ಪ್ಯೂರ್ ಸಿಲ್ಕೋ ಅಲ್ಲವೋ ಎಂಬುದಕ್ಕೆ ಒಂದೇ ಪದದ ಉತ್ತರ ಸಾಲದು, ಏಕೆಂದರೆ ಆ ಸೀರೆ ಒಂದೇ ನೂಲಿನದಲ್ಲ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯದಿರಬಹುದು, ರೇಷ್ಮೆಯದಿರಬಹುದು, ‘ಚಮಕ’ ಎಂದು ಕರೆಯುವ ಕೃತಕ ರೇಷ್ಮೆಯದೂ ಇರಬಹುದು. ಕೆಂಪು ಸೆರಗು ಸಾಮಾನ್ಯವಾಗಿ ರೇಷ್ಮೆಯದು, ಅಗ್ಗದ ಸೀರೆಯಲ್ಲಿ ಅದೂ ಕೃತಕ. ಈ ಎರಡು ಹಾಸುಗಳ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಜೋಡಿಸುವುದಕ್ಕೆ ‘ಕೊಂಡಿ’ ಎನ್ನುತ್ತಾರೆ. ಅದಕ್ಕಾಗಿಯೇ ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿ ಸಿದ್ಧ ಮಾಡಬೇಕಾಗುತ್ತದೆ. ನನ್ನ ‘ಹೌದು ಮೇಡಂ’ ಈ ಇಷ್ಟನ್ನೂ ನುಂಗಿ ಹಾಕಿತ್ತು. ಕೊಳ್ಳುವವರಿಗೆ ಮೋಸವಾದದ್ದು ಒಂದು ಕಡೆ. ನೇಕಾರರು ಮಾಡಿದ ಕೆಲಸದ ಗುರುತೂ ಅದರಲ್ಲಿ ಕಳೆದುಹೋಗಿತ್ತು.

ಆಮೇಲೆ ಬರೆದ ಉತ್ತರ ಇದು: ‘ಇಲ್ಲ, ಪೂರ್ತಿ ರೇಷ್ಮೆಯಲ್ಲ. ಈ ಇಳಕಲ್ ಸೀರೆಯ ಮೈ ಹತ್ತಿ, ಸೆರಗು ಮತ್ತು ಅಂಚು ರೇಷ್ಮೆ. ಮೈಗೆ ಸೆರಗನ್ನು ಕೊಂಡಿ ಹಾಕಿ ಜೋಡಿಸಿದೆ, ಮೂರನೇ ಚಿತ್ರದಲ್ಲಿ ಕಾಣುತ್ತದೆ.’

ಇಪ್ಪತ್ತೇ ಪದ. ಆದರೆ ಅದರಲ್ಲಿ ಬೇಕಾದದ್ದೆಲ್ಲ ಇದೆ. ಮೊದಲ ಪದವೇ ಹೌದು ಅಥವಾ ಇಲ್ಲ, ಕೇಳಿದವರನ್ನು ಕಾಯಿಸುವುದಿಲ್ಲ. ಪ್ರಶ್ನೆಯಲ್ಲಿದ್ದ ವಸ್ತುವಿನ ಹೆಸರನ್ನು ಉತ್ತರ ಮತ್ತೆ ಹೇಳುತ್ತದೆ. ಹೀಗಾಗಿ ಪ್ರಶ್ನೆ ಓದದೆ ಉತ್ತರವನ್ನಷ್ಟೇ ಓದಿದವರಿಗೂ ಅರ್ಥವಾಗುತ್ತದೆ. ‘ಹೌದು, ಇದೆ’ ಎಂಬ ಉತ್ತರವನ್ನು ಪ್ರಶ್ನೆಯಿಂದ ಕಿತ್ತರೆ ಅದಕ್ಕೆ ಅರ್ಥವೇ ಉಳಿಯುವುದಿಲ್ಲ. ಕೊನೆಗೆ, ಓದಿದವರು ತಾವೇ ನೋಡಿ ಖಾತ್ರಿ ಮಾಡಿಕೊಳ್ಳಬಹುದಾದ ಒಂದು ಸಂಗತಿ, ಇಲ್ಲಿ ಮೂರನೇ ಚಿತ್ರ. ‘ಬೆಸ್ಟ್ ಕ್ವಾಲಿಟಿ’ಯನ್ನು ಯಾರೂ ಎಲ್ಲಿಯೂ ಪರೀಕ್ಷಿಸಲಾರರು. ಅದಕ್ಕೇ ಅದು ಎಲ್ಲ ಸೀರೆಗಳ ಕೆಳಗೂ ಹೊಂದುತ್ತದೆ.

ಕೆಲವರು ಇಲ್ಲಿ ಅಡ್ಡ ಹಾಕುತ್ತಾರೆ: ಕೊಳ್ಳುವವರಿಗೆ ಬೇಕಾದದ್ದು ವಿನಯ, ಪಾಠವಲ್ಲ. ‘ನಿಮ್ಮ ಆಸಕ್ತಿಗೆ ಧನ್ಯವಾದಗಳು, ನಮ್ಮ ಉತ್ಪನ್ನಗಳು ಉತ್ತಮ ಗುಣಮಟ್ಟದವು, ಹೆಚ್ಚಿನ ಮಾಹಿತಿಗೆ ಇನ್‌ಬಾಕ್ಸ್ ನೋಡಿ.’ ಇದು ವಿನಯವೇ? ಒಬ್ಬರು ಅಂಗಡಿಗೆ ಬಂದು ‘ಬಣ್ಣ ಬಿಡುತ್ತಾ?’ ಎಂದು ಕೇಳಿದಾಗ ಕೈಮುಗಿದು ನಿಂತು ಉತ್ತರ ಹೇಳದವನನ್ನು ನಾವು ವಿನಯವಂತ ಎನ್ನುವುದಿಲ್ಲ. ‘ಇನ್‌ಬಾಕ್ಸ್ ನೋಡಿ’ ಎಂಬುದು ಇನ್ನೂ ಕೆಟ್ಟದ್ದು. ಕೇಳಿದವರಿಗೆ ಅಲ್ಲಿ ಉತ್ತರ ಸಿಗಬಹುದು, ಆದರೆ ಅದೇ ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಂಡು ಕೇಳದೆ ಹೋಗುವವರಿಗೆ ಬಾಗಿಲು ಮುಚ್ಚಿದ ಹಾಗೆ. ಆರ್ಡರ್ ನಂಬರು, ವಿಳಾಸ, ಫೋನು ಇವಿಷ್ಟೇ ಖಾಸಗಿಯಾಗಿ ಮಾತಾಡಬೇಕಾದವು. ಸೀರೆಯ ಗುಣ ಖಾಸಗಿಯಲ್ಲ.

ಇನ್ನೊಂದು ಪಂಗಡ ಹುಡುಕಾಟದ ಪಂಡಿತರದು. ಉತ್ತರದಲ್ಲಿ ‘ಇಳಕಲ್ ಸೀರೆ, ಹ್ಯಾಂಡ್‌ಲೂಮ್ ಸೀರೆ, ಮದುವೆ ಸೀರೆ’ ಎಂದು ತುರುಕಿದರೆ ಹುಡುಕುವವರಿಗೆ ಬೇಗ ಸಿಗುತ್ತದೆ ಎಂಬ ಉಪದೇಶ ಅವರದು. ಇದರಲ್ಲಿ ಅರ್ಧ ಸತ್ಯವಿದೆ. ಹುಡುಕುವವರ ಪದ ಪುಟದಲ್ಲಿರಬೇಕು ಎಂಬುದು ಸರಿ. ಆದರೆ ಆ ಪದಗಳನ್ನು ಪಟ್ಟಿಯಿಂದ ತಂದು ಸುರಿಯುವ ಅಗತ್ಯವೇ ಇಲ್ಲ, ಕೇಳುವವರೇ ಅವನ್ನು ಕೈಗೆ ಕೊಡುತ್ತಾರೆ. ನಮ್ಮ ವಿವರದಲ್ಲಿ ನಾನು ‘ಕಲರ್ ಫಾಸ್ಟ್‌ನೆಸ್’ ಎಂದು ದೊಡ್ಡದಾಗಿ ಬರೆದಿದ್ದೆ. ಒಬ್ಬರೂ ಆ ಪದ ಬಳಸಿ ಕೇಳಲಿಲ್ಲ. ಎಲ್ಲರೂ ಕೇಳಿದ್ದು ‘ಬಣ್ಣ ಬಿಡುತ್ತಾ?’ ಎಂದೇ. ಉತ್ತರದಲ್ಲಿ ಅವರದೇ ಮಾತನ್ನು ಇಟ್ಟುಕೊಂಡರೆ ಮುಂದೆ ಹುಡುಕುವವರಿಗೂ ಸಿಗುತ್ತದೆ, ಓದುವವರಿಗೂ ತಿಳಿಯುತ್ತದೆ.

ಆ ಉತ್ತರವನ್ನೂ ಸುಮ್ಮನೆ ಬರೆಯಲಾಗದು. ಅತ್ತಿಗೆ ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಕೆಂಪು ಸೆರಗಿನ ಒಂದು ಮೂಲೆಯನ್ನು ಉಜ್ಜಿ ನೋಡಿದರು. ಬಟ್ಟೆಗೆ ತೆಳುವಾಗಿ ಕೆಂಪು ಹತ್ತಿತು. ಹಾಗಾಗಿ ಬರೆದದ್ದು: ‘ಸೆರಗಿನ ಕೆಂಪು ಬಣ್ಣ ಮೊದಲ ಒಗೆತದಲ್ಲಿ ಸ್ವಲ್ಪ ಬಿಡುತ್ತದೆ. ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ, ನೆನೆಸಿಡಬೇಡಿ.’ ನನಗೆ ಭಯವಿತ್ತು, ಇದನ್ನು ಓದಿ ಯಾರು ಕೊಳ್ಳುತ್ತಾರೆ? ಅತ್ತಿಗೆಯ ಮಾತು ಬೇರೆ: ‘ತಗೊಳ್ಳೋದಿದ್ರ ತಗೋತಾರ. ಸುಳ್ಳ ಹೇಳಿದ್ರ ತಗೊಂಡು ವಾಪಸ್ ಕಳಸ್ತಾರ.’ ಸತ್ಯ ಹೇಳಿದ್ದರಿಂದ ಕೈತಪ್ಪುವ ಮಾರಾಟ ಹೇಗೂ ಮರಳಿ ಬರುವಂಥದ್ದೇ, ಎರಡು ಕೊರಿಯರಿನ ಖರ್ಚು ಹೊತ್ತುಕೊಂಡು.

ಇದು ಬರೀ ನೀತಿಯ ಮಾತೂ ಅಲ್ಲ. 2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳ ಪ್ರಕಾರ, ಜಾಹೀರುಪಡಿಸಿದ ಗುಣಲಕ್ಷಣ ವಸ್ತುವಿನಲ್ಲಿ ಇಲ್ಲದಿದ್ದರೆ ಮಾರಿದವರು ಅದನ್ನು ವಾಪಸ್ ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ. ಸೀರೆಯ ಕೆಳಗೆ ನಾನೇ ಬರೆದ ‘ಹೌದು, ಪ್ಯೂರ್ ಸಿಲ್ಕ್’ ಎಂಬ ಸಾಲು ಜಾಹೀರಲ್ಲ ಎಂದು ಯಾವ ಮುಖದಿಂದ ವಾದಿಸಲಿ?

ಇಲ್ಲಿಗೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧವನ್ನು ಮಾಡುವವರು ಕಡಿಮೆ. ಒಂದೇ ಪ್ರಶ್ನೆ ಎರಡನೇ ಸಲ ಬಂತೆಂದರೆ ತಪ್ಪು ಕೇಳುವವರದಲ್ಲ, ಮೇಲಿನ ವಿವರದ್ದು. ‘ವಿವರ ಓದಿ’ ಎಂದು ಗದರುವ ಮಾರಾಟಗಾರರನ್ನು ನೋಡಿದ್ದೇನೆ. ಅವರ ವಿವರ ತೆರೆದು ನೋಡಿದರೆ ಉತ್ತರ ಅಲ್ಲಿ ಇರುವುದೇ ಇಲ್ಲ, ಇದ್ದರೂ ಹನ್ನೊಂದನೇ ಸಾಲಿನಲ್ಲಿ ಅಡಗಿರುತ್ತದೆ. ನಮ್ಮ ಪುಟದಲ್ಲಿ ‘ಬ್ಲೌಸ್ ಪೀಸ್ ಇದೆಯಾ?’ ಎಂಬುದು ಮೂರು ಸಲ ಬಂತು. ಮೂರನೆಯದಕ್ಕೆ ಬರೆದ ಉತ್ತರ: ‘ಈ ಸೀರೆಯ ಜೊತೆ ಬ್ಲೌಸ್ ಪೀಸ್ ಇಲ್ಲ. ಸೀರೆಯ ಉದ್ದ 5.5 ಮೀಟರ್. ಇದಕ್ಕೆ ಹೊಂದುವ ಗುಳೇದಗುಡ್ಡದ ಖಣ ಬೇರೆಯಾಗಿ ಸಿಗುತ್ತದೆ.’ ಇಳಕಲ್ ಸೀರೆಗೆ ಗುಳೇದಗುಡ್ಡದ ಖಣ ಎಂಬುದು ಹಳೆಯ ಜೋಡಿ, ನಮ್ಮ ಕಡೆಯ ಅಜ್ಜಿಯರಿಗೆ ಹೇಳಿಕೊಡಬೇಕಿಲ್ಲ. ದೂರದ ಊರಿನಲ್ಲಿ ಮೊದಲ ಸಲ ಕೊಳ್ಳುವವರಿಗೆ ಅದನ್ನು ಹೇಳಬೇಕು.

ಆವತ್ತೇ ಆ ಮೂರು ವಾಕ್ಯಗಳನ್ನು ವಿವರದ ಎರಡನೇ ಸಾಲಿಗೆ ಏರಿಸಿದೆ. ಉತ್ತರ ತನ್ನಷ್ಟಕ್ಕೆ ಅರ್ಥವಾಗುವಂತೆ ಬರೆದಿದ್ದರಿಂದ ಒಂದಕ್ಷರವನ್ನೂ ತಿದ್ದಬೇಕಾಗಲಿಲ್ಲ. ‘ಇಲ್ಲ ಮೇಡಂ’ ಎಂದಷ್ಟೇ ಬರೆದಿದ್ದರೆ ಏರಿಸಲು ಅಲ್ಲಿ ಏನಿರುತ್ತಿತ್ತು? ಕೆಳಗಿನ ಉತ್ತರವನ್ನೂ ಅಳಿಸಲಿಲ್ಲ, ನೇರ ಪ್ರಶ್ನೆಗಳಿಗೇ ಇಳಿಯುವವರಿಗೆ ಅದು ಅಲ್ಲಿಯೇ ಸಿಗಲಿ ಎಂದು.

ಹೀಗೆ ಏರಿಸುವಾಗ ಒಂದು ಎಡವಟ್ಟು ಬೆಳಕಿಗೆ ಬಂತು. ನನ್ನ ಹೊಸ ಉತ್ತರ ‘ಮೈ ಹತ್ತಿ’ ಎನ್ನುತ್ತಿತ್ತು, ಮೇಲಿನ ಶೀರ್ಷಿಕೆಯಲ್ಲಿ ಮಾತ್ರ ‘ಇಳಕಲ್ ಸಿಲ್ಕ್ ಸೀರೆ’ ಎಂದೇ ಉಳಿದಿತ್ತು. ಮೇಲೊಂದು ಮಾತು ಕೆಳಗೊಂದು ಮಾತು ಇದ್ದರೆ ಓದಿದವರು ಎರಡನ್ನೂ ನಂಬುವುದಿಲ್ಲ. ಉತ್ತರವನ್ನು ತಿದ್ದಿದ ದಿನವೇ ಶೀರ್ಷಿಕೆಯನ್ನೂ ತಿದ್ದಬೇಕು. ಮೇಲಿನಿಂದ ಕೆಳಗಿನ ತನಕ ಒಂದು ಸಲ ಗಟ್ಟಿಯಾಗಿ ಓದಿಕೊಂಡರೆ ಇಂಥದ್ದು ಕಿವಿಗೇ ಬೀಳುತ್ತದೆ.

ಎಲ್ಲ ಪ್ರಶ್ನೆಗೂ ಈ ಮರ್ಯಾದೆ ಸಲ್ಲದು. ‘ಸ್ಟಾಕ್ ಇದೆಯಾ?’ ಎಂದು ಕೇಳಿದವರಿಗೆ ‘ಮುಂದಿನ ವಾರ ಬರುತ್ತೆ’ ಎಂದು ಬರೆದು ಮರೆತಿದ್ದೆ. ಒಂದೂವರೆ ವರ್ಷದ ನಂತರವೂ ಆ ಮುಂದಿನ ವಾರ ಅಲ್ಲಿಯೇ ಕೂತಿತ್ತು. ಬೆಲೆ, ದಾಸ್ತಾನು, ರಿಯಾಯಿತಿ ಇವು ಬದಲಾಗುತ್ತಲೇ ಇರುವ ಸಂಗತಿಗಳು. ಅವನ್ನು ಉಳಿಯುವ ವಾಕ್ಯದಲ್ಲಿ ಕಟ್ಟಿಹಾಕಬಾರದು. ಅಲ್ಲಿ ‘ಬೆಲೆಯ ಪಕ್ಕ ಸ್ಟಾಕ್ ತೋರಿಸುತ್ತದೆ, ಖಾಲಿಯಾದರೆ ಹೊಸದು ನೇಯಲು ಸಮಯ ಬೇಕಾಗುತ್ತದೆ’ ಎಂದರೆ ಸಾಕು, ಅದು ಮುಂದಿನ ವರ್ಷವೂ ನಿಜವಾಗಿರುತ್ತದೆ.

‘ಇದೆಲ್ಲ ಸೀರೆ ಮಾರುವವರ ವಿಷಯ, ಇಲ್ಲಿ ಯಾಕೆ?’ ಎಂದು ಈ ಪುಟದ ಓದುಗರು ಕೇಳಬಹುದು. ವಿಶೇಷಣ ಸೋಮಾರಿಯ ಆಸರೆ, ನಾಮಪದಕ್ಕೆ ನೋಡಿದ ಅನುಭವ ಬೇಕು ಎಂದು ಕಥೆ ಕವಿತೆಗಳ ವಿಚಾರದಲ್ಲಿ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಲೇ ಇರುತ್ತೇವೆ. ನಾನೂ ಹೇಳಿದ್ದೇನೆ. ಹೇಳಿ ಬಂದವನೇ ಫೋನು ತೆಗೆದು ‘ಬೆಸ್ಟ್ ಕ್ವಾಲಿಟಿ’ ಎಂದು ಬರೆದೆ. ಕೊಂಡಿ ಎಂದರೇನು ಎಂದು ಅತ್ತಿಗೆಯನ್ನು ಕೇಳಿದ್ದು ಸೀರೆ ವಾಪಸ್ ಬಂದ ಮೇಲೆ.

ಮೊನ್ನೆ ಹೊಸ ಪ್ರಶ್ನೆಯೊಂದು ಬಂದಿದೆ: ‘ಒಂಬತ್ತು ಗಜದ್ದು ಸಿಗುತ್ತಾ? ಅಮ್ಮನಿಗೆ ಬೇಕು.’ ನಾನು ಇನ್ನೂ ಉತ್ತರ ಬರೆದಿಲ್ಲ. ಅತ್ತಿಗೆ ನೇಕಾರರನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ.