ಮಕ್ಕಳ ಮನೆಸಾಲ ಬೇರೆ ಬ್ಯಾಂಕಿಗೆ ಹೋಗುವ ಮುನ್ನ

ನಮ್ಮ ಸದಸ್ಯರಲ್ಲಿ ಅನೇಕರ ಮಕ್ಕಳು ಇಂದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿ ಉದ್ಯೋಗದಲ್ಲಿದ್ದಾರೆ. ಅಲ್ಲಿ ಕೊಂಡ ಫ್ಲ್ಯಾಟಿನ ಸಾಲಪತ್ರಕ್ಕೆ ಊರಿನಲ್ಲಿರುವ ತಂದೆಯೂ ಸಹಸಾಲಗಾರರಾಗಿ ರುಜು ಹಾಕಿರುವುದು ಸಾಮಾನ್ಯ. ಹಾಗಾಗಿ 'ಬೇರೆ ಬ್ಯಾಂಕಿನವರು ಕಡಿಮೆ ಬಡ್ಡಿಗೆ ಸಾಲ ವಹಿಸಿಕೊಳ್ಳುತ್ತಾರಂತೆ, ರುಜು ಹಾಕಬಹುದೇ?' ಎಂಬ ಪ್ರಶ್ನೆ ಸಂಘದ ಕಚೇರಿಯವರೆಗೂ ಬರುತ್ತಿದೆ. ಮೊದಲು ಹಳೆಯ ಬ್ಯಾಂಕಿಗೇ ಅರ್ಜಿ ಕೊಡಿ ಎಂಬುದು ನಮ್ಮ ಅಭಿಪ್ರಾಯ.

ಕಾರಣ ಹೇಳುತ್ತೇವೆ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಟ್ಟ ಬದಲಾಗುವ ದರದ ಮನೆಸಾಲಗಳು ಹೊರಗಿನ ಒಂದು ದರಕ್ಕೆ, ಹೆಚ್ಚಾಗಿ ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೆ, ಗಂಟುಬಿದ್ದಿವೆ. ರೆಪೊ ದರದ ಮೇಲೆ ಬ್ಯಾಂಕು ತನ್ನ ಪಾಲೆಂದು ಇಷ್ಟು ಸೇರಿಸುತ್ತದೆ. 2025ರಲ್ಲಿ ರೆಪೊ ದರ 6.50ರಿಂದ 5.25ಕ್ಕೆ ಇಳಿದಾಗ ಇಂಥ ಸಾಲಗಳ ಬಡ್ಡಿಯೂ ಇಳಿಯಿತು. ಆದರೆ ಬ್ಯಾಂಕು ಸೇರಿಸುವ ಪಾಲು ತಾನಾಗಿ ಇಳಿಯುವುದಿಲ್ಲ. ಹೊಸ ಗಿರಾಕಿಗೆ ಕಡಿಮೆ ಪಾಲು, ಹಳಬನಿಗೆ ಹಿಂದಿನದೇ. ನೆಂಟ ಬಂದಾಗ ಮಾತ್ರ ಹೋಳಿಗೆ ಮಾಡುವ ಮನೆಯಂತೆ. ಮೊದಲು ಈ ಪಾಲಿನ ಕೆಲವು ಭಾಗಗಳನ್ನು ಮೂರು ವರ್ಷಕ್ಕೊಮ್ಮೆ ಮಾತ್ರ ಬದಲಿಸಬಹುದಿತ್ತು. ಗಿರಾಕಿಯನ್ನು ಉಳಿಸಿಕೊಳ್ಳಲು ಅದಕ್ಕಿಂತ ಮುಂಚೆಯೂ ಇಳಿಸಬಹುದೆಂದು ರಿಸರ್ವ್ ಬ್ಯಾಂಕು 2025ರ ಅಕ್ಟೋಬರಿನಿಂದ ಅನುಮತಿ ಕೊಟ್ಟಿದೆ. ಕೇಳಿದವನಿಗೆ ಮಾತ್ರ ಸಿಗುವ ಸೌಲಭ್ಯ ಇದು. ಹೊಸ ಬ್ಯಾಂಕಿನ ಮಂಜೂರಾತಿ ಪತ್ರವನ್ನು ಜೊತೆಗಿಟ್ಟು ಲಿಖಿತ ಅರ್ಜಿ ಕೊಟ್ಟರೆ ಮಾತಿಗೆ ಬೆಲೆ ಬರುತ್ತದೆ.

ಒಂದು ಲೆಕ್ಕ ಹಾಕೋಣ. ಸಾಲದ ಬಾಕಿ 40 ಲಕ್ಷ ರೂಪಾಯಿ, ಉಳಿದ ಅವಧಿ 15 ವರ್ಷ, ಬಡ್ಡಿ ಶೇ. 8.75 ಎಂದಿಟ್ಟುಕೊಳ್ಳಿ. ತಿಂಗಳ ಕಂತು 39,978 ರೂ. ಹೊಸ ಬ್ಯಾಂಕು ಶೇ. 7.75ಕ್ಕೆ ಕೊಡುತ್ತೇನೆಂದರೆ ಕಂತು 37,651 ರೂ.; ತಿಂಗಳಿಗೆ 2,327 ರೂ. ಉಳಿತಾಯ. ಆದರೆ ಹಳೆಯ ಬ್ಯಾಂಕು ಅರ್ಜಿಗೆ ಮಣಿದು ಶೇ. 8ಕ್ಕೆ ಇಳಿಸಿದರೆ ಕಂತು 38,226 ರೂ. ಆಗ ಬ್ಯಾಂಕು ಬದಲಿಸಿದ್ದರಿಂದ ಬರುವ ನಿಜವಾದ ಲಾಭ ತಿಂಗಳಿಗೆ 575 ರೂ. ಮಾತ್ರ.

ಈಗ ಖರ್ಚು ನೋಡಿ. ಹೊಸ ಬ್ಯಾಂಕಿನ ಅರ್ಜಿ ಶುಲ್ಕ, ವಕೀಲರ ಅಭಿಪ್ರಾಯ, ಮನೆಯ ಮೌಲ್ಯಮಾಪನ, ಇವುಗಳ ಜೊತೆಗೆ ಕ್ರಯಪತ್ರ ಅಡವಿಟ್ಟ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೊಸದಾಗಿ ನೋಂದಾಯಿಸುವ ಖರ್ಚು. ಈ ಕೊನೆಯದನ್ನು ಸಾಲದ ಮೊತ್ತದ ಮೇಲೆ ಶೇಕಡಾವಾರು ಲೆಕ್ಕಹಾಕುವುದರಿಂದ ಅದೇ ದೊಡ್ಡದಾಗುತ್ತದೆ, ಜಾಹೀರಾತಿನಲ್ಲಿ ಅದು ಕಾಣುವುದಿಲ್ಲ. ಎಲ್ಲ ಸೇರಿ 42,000 ರೂ. ಆಯಿತೆನ್ನಿ. ಹಳೆಯ ಬ್ಯಾಂಕಿನಲ್ಲೇ ದರ ಇಳಿಸಲು 6,000 ರೂ. ಶುಲ್ಕ ಎಂದುಕೊಂಡರೂ ಹೆಚ್ಚುವರಿ ಖರ್ಚು 36,000 ರೂ. ತಿಂಗಳಿಗೆ 575ರಂತೆ ಅದು ಮರಳಿ ಬರಲು ಐದು ವರ್ಷದ ಮೇಲೆ ಬೇಕು. ಅಷ್ಟರಲ್ಲಿ ಮಗ ಫ್ಲ್ಯಾಟನ್ನೇ ಮಾರಿರಬಹುದು. ಹಳೆಯ ಬ್ಯಾಂಕು ಒಂದು ಪೈಸೆಯೂ ಇಳಿಸದಿದ್ದರೆ ಮಾತ್ರ ಲೆಕ್ಕ ತಿರುಗುತ್ತದೆ: 42,000 ರೂ. ಖರ್ಚು ಸುಮಾರು 18 ತಿಂಗಳಲ್ಲಿ ಮರಳುತ್ತದೆ. ಆಗ ಹೋಗುವುದೇ ಸರಿ. ಬದಲಾಗುವ ದರದ ಮನೆಸಾಲವನ್ನು ವ್ಯಕ್ತಿಗಳು ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲ. ನಿಗದಿತ ದರದ ಸಾಲವಾದರೆ ಕರಾರು ಓದಿ ನೋಡಬೇಕು.

ಎಲ್ಲಕ್ಕಿಂತ ಹೆಚ್ಚು ಮೋಸಹೋಗುವುದು ಅವಧಿಯಲ್ಲಿ. ಹೊಸ ಬ್ಯಾಂಕಿನವರು 15 ವರ್ಷದ ಬಾಕಿಯನ್ನು ಸದ್ದಿಲ್ಲದೆ 20 ವರ್ಷಕ್ಕೆ ಬರೆದರೆ ಶೇ. 7.75ರಲ್ಲಿ ಕಂತು 32,838 ರೂ. ಆಗುತ್ತದೆ. ತಿಂಗಳಿಗೆ ಏಳು ಸಾವಿರ ಉಳಿಯಿತೆಂದು ಮನೆಯವರೆಲ್ಲ ಹಿಗ್ಗುತ್ತಾರೆ. ಒಟ್ಟು ಕಟ್ಟುವುದು ಮಾತ್ರ 78.81 ಲಕ್ಷ. ಹಳೆಯ ಶೇ. 8.75ರಲ್ಲೇ 15 ವರ್ಷ ಕಟ್ಟಿ ಮುಗಿಸಿದ್ದರೆ 71.96 ಲಕ್ಷ. ಬಡ್ಡಿ ಇಳಿಸಿಕೊಂಡು ಆರೂಮುಕ್ಕಾಲು ಲಕ್ಷ ಹೆಚ್ಚು ಕೊಟ್ಟಂತಾಯಿತು. ರುಜು ಹಾಕುವ ತಂದೆ ದರ ನೋಡುವ ಮೊದಲು ತಿಂಗಳುಗಳ ಸಂಖ್ಯೆ ನೋಡಲಿ. ಸಾಲಕ್ಕೆ ವಿಮೆಯ ಕಂತನ್ನೂ ಸೇರಿಸಿದ್ದಾರೆಯೇ ಎಂಬುದನ್ನೂ ಅಲ್ಲೇ ಕೇಳಲಿ.

ಬೆಂಗಳೂರಿನ ಹೊರವಲಯದಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಬಿ ಖಾತೆಯ ಕಟ್ಟಡಗಳು ಬಹಳ. ಅಂಥ ಮನೆಗೆ ಅನೇಕ ಬ್ಯಾಂಕುಗಳು ಸಾಲ ಕೊಡುವುದಿಲ್ಲವಾದ್ದರಿಂದ ಫೈನಾನ್ಸ್ ಕಂಪನಿಗಳಿಂದ ಹೆಚ್ಚು ಬಡ್ಡಿಗೆ ತಂದಿರುತ್ತಾರೆ. ರೆಪೊ ದರಕ್ಕೆ ಗಂಟುಹಾಕುವ 2019ರ ನಿಯಮ ಅವುಗಳಿಗೆ ಅನ್ವಯಿಸುವುದಿಲ್ಲ. ಖಾತೆ ಸರಿಯಾಗದೆ ಹೊಸ ಬ್ಯಾಂಕಿಗೆ ಅರ್ಜಿ ಶುಲ್ಕ ಕಟ್ಟಿದರೆ, ವಕೀಲರ ಹಂತದಲ್ಲಿ ಅರ್ಜಿ ಬಿದ್ದುಹೋಗಿ ಹಣ ಹೋಗುತ್ತದೆ. ಆದ್ದರಿಂದ ಮೊದಲು ಖಾತೆಯ ಪ್ರತಿ ತೋರಿಸಿ ಬಾಯಿಮಾತಿನಲ್ಲಾದರೂ ವಿಚಾರಿಸಬೇಕು.

ಬದಲಿಸುವುದೇ ನಿಶ್ಚಯವಾದರೆ ಹಳೆಯ ಬ್ಯಾಂಕಿನಿಂದ ಎರಡು ಕಾಗದ ಪಡೆಯಿರಿ: ಇಂಥ ದಿನಕ್ಕೆ ಇಷ್ಟು ಬಾಕಿ ಎಂಬ ಪತ್ರ, ತನ್ನ ವಶದಲ್ಲಿರುವ ಮೂಲ ದಾಖಲೆಗಳ ಪಟ್ಟಿ. ಸಾಲ ತೀರಿದ 30 ದಿನಗಳೊಳಗೆ ಮೂಲಪತ್ರ ಹಿಂದಿರುಗಿಸದೆ ತನ್ನ ತಪ್ಪಿನಿಂದ ತಡಮಾಡಿದರೆ ಬ್ಯಾಂಕು ದಿನಕ್ಕೆ 5,000 ರೂ. ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಆ ಪಟ್ಟಿ ಕೈಯಲ್ಲಿದ್ದರೆ ಯಾವ ಪತ್ರ ಬಂತು, ಯಾವುದು ಬರಲಿಲ್ಲ ಎಂದು ತಾಳೆ ನೋಡಬಹುದು.