ಕ್ರೋಮ್‌ಬುಕ್‌ನಲ್ಲಿ ವಿಂಡೋಸ್ ಓಡುತ್ತದೆಯೇ? ಮನೆಯ ಕಂಪ್ಯೂಟರ್ ದೂರದಿಂದ ತೆರೆಯುವುದರ ಹಿಂದಿನ ಸತ್ಯ

"ಒಂದು ಲಿಂಕ್ ಒತ್ತಿದರೆ ಸಾಕು, ಕಡಿಮೆ ಬೆಲೆಯ ಕ್ರೋಮ್‌ಬುಕ್ ಕೂಡ ವಿಂಡೋಸ್ ಲ್ಯಾಪ್‌ಟಾಪ್ ಆಗುತ್ತದೆ" ಎನ್ನುವ ಮಾತನ್ನು ನೀವೂ ಕೇಳಿರಬಹುದು. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ನಿಜವಾಗಿ ನಡೆಯುವುದೇನು?

ವಿಂಡೋಸ್‌ಗಾಗಿ ಮಾಡಿದ ಟ್ಯಾಲಿಯಂತಹ ತಂತ್ರಾಂಶವನ್ನು ಕ್ರೋಮ್‌ಬುಕ್‌ನಲ್ಲಿ ನೇರವಾಗಿ ಇನ್‌ಸ್ಟಾಲ್ ಮಾಡಲು ಆಗುವುದಿಲ್ಲ. ಆದರೆ ಮನೆಯಲ್ಲಿರುವ ವಿಂಡೋಸ್ ಕಂಪ್ಯೂಟರನ್ನು ಬ್ರೌಸರ್ ಮೂಲಕ ದೂರದಿಂದಲೇ ನಡೆಸಬಹುದು. ಕೆಲಸವೆಲ್ಲ ಮನೆಯ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಅದರ ಪರದೆಯ ಚಿತ್ರ ಇಂಟರ್ನೆಟ್ ಮೂಲಕ ನಿಮಗೆ ಬರುತ್ತದೆ, ನೀವು ಒತ್ತಿದ ಕೀಲಿ ಮತ್ತು ಮೌಸ್‌ನ ಚಲನೆ ಅಲ್ಲಿಗೆ ಹೋಗುತ್ತವೆ. ಅಂದರೆ ಕ್ರೋಮ್‌ಬುಕ್ ಇಲ್ಲಿ ಬರೀ ಕಿಟಕಿ.

ಮಾಡುವುದು ಹೇಗೆ?

ಒಂದು ಉದಾಹರಣೆ ನೋಡೋಣ. ಶಿವಮೊಗ್ಗದ ಮನೆಯ ಕಂಪ್ಯೂಟರಿನಲ್ಲಿ ಅಂಗಡಿಯ ಲೆಕ್ಕವಿದೆ. ಅದನ್ನು ನೋಡಿಕೊಳ್ಳುವ ಮಗಳು ಬೆಂಗಳೂರಿನಲ್ಲಿದ್ದಾಳೆ, ಅವಳ ಬಳಿ ಇರುವುದು ಕ್ರೋಮ್‌ಬುಕ್. ಊರಿಗೆ ಹೋದಾಗ ಅವಳು ಮನೆಯ ಕಂಪ್ಯೂಟರಿನ ಕ್ರೋಮ್ ಬ್ರೌಸರಿನಲ್ಲಿ ತನ್ನ ಗೂಗಲ್ ಖಾತೆಗೆ ಲಾಗಿನ್ ಆಗಿ ಈ ವಿಳಾಸ ತೆರೆಯಬೇಕು:

```
remotedesktop.google.com/access
```

ಅಲ್ಲಿಂದ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಇನ್‌ಸ್ಟಾಲ್ ಮಾಡಿ, ಕಂಪ್ಯೂಟರಿಗೊಂದು ಹೆಸರು ಕೊಟ್ಟು, ಕನಿಷ್ಠ 6 ಅಂಕಿಗಳ ಪಿನ್ ಇಡಬೇಕು. ಬೆಂಗಳೂರಿಗೆ ಬಂದ ಮೇಲೆ ಅದೇ ಖಾತೆಯಲ್ಲಿ ಅದೇ ವಿಳಾಸ ತೆರೆದು, ಆ ಹೆಸರನ್ನು ಒತ್ತಿ ಪಿನ್ ಹಾಕಿದರೆ ಮನೆಯ ಪರದೆ ಕಾಣುತ್ತದೆ. ಇದಕ್ಕೆ ಹಣ ಕೊಡಬೇಕಿಲ್ಲ. ವಿಂಡೋಸ್‌ನ ಹೋಮ್ ಆವೃತ್ತಿಯಲ್ಲೂ ಇದು ನಡೆಯುತ್ತದೆ. ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯವಾದರೆ, ಹೋಮ್ ಆವೃತ್ತಿ ಇರುವ ಕಂಪ್ಯೂಟರನ್ನು ದೂರದಿಂದ ತೆರೆಯಲು ಬಿಡುವುದಿಲ್ಲ.

ಎರಡು ವಿಷಯ ನೆನಪಿರಲಿ. ಅವಳು ಮಾಡುವುದೆಲ್ಲ ಮನೆಯ ಮಾನಿಟರಿನಲ್ಲೂ ಕಾಣುತ್ತದೆ. ಮತ್ತು ಟ್ಯಾಲಿಯಲ್ಲಿ ಪ್ರಿಂಟ್ ಕೊಟ್ಟರೆ ಕಾಗದ ಹೊರಬರುವುದು ಶಿವಮೊಗ್ಗದ ಪ್ರಿಂಟರಿನಲ್ಲಿ.

"ನಿನ್ನೆ ಬರುತ್ತಿತ್ತು, ಇವತ್ತು ಬರುತ್ತಿಲ್ಲ" ಏಕೆ?

ಹೆಸರಿನ ಕೆಳಗೆ Offline ಎಂದು ಕಂಡರೆ, ಹೆಚ್ಚಾಗಿ ಮನೆಯ ಕಂಪ್ಯೂಟರ್ ನಿದ್ದೆಗೆ ಜಾರಿರುತ್ತದೆ. ಬಳಸದೆ ಬಿಟ್ಟರೆ ವಿಂಡೋಸ್ ಸ್ವಲ್ಪ ಹೊತ್ತಿನ ನಂತರ ಸ್ಲೀಪ್ ಸ್ಥಿತಿಗೆ ಹೋಗುತ್ತದೆ, ಆಗ ಇಂಟರ್ನೆಟ್ ಸಂಪರ್ಕ ಉಳಿಯುವುದಿಲ್ಲ. ಆದ್ದರಿಂದ ವಿಂಡೋಸ್ ಸೆಟ್ಟಿಂಗ್ಸ್‌ನ ಪವರ್ ವಿಭಾಗದಲ್ಲಿ ಸ್ಲೀಪ್ ಅವಧಿಯನ್ನು Never ಎಂದು ಇಡಬೇಕು. ಮಾನಿಟರ್ ಆಫ್ ಆದರೆ ತೊಂದರೆಯಿಲ್ಲ.

ಎರಡನೆಯ ಕಾರಣ ಕರೆಂಟ್. ಕರೆಂಟ್ ಹೋಗಿ ಬಂದರೆ ರೌಟರ್ ತಾನಾಗಿ ಎದ್ದುಕೊಳ್ಳುತ್ತದೆ, ಆದರೆ ಕಂಪ್ಯೂಟರ್ ಸಾಮಾನ್ಯವಾಗಿ ಏಳುವುದಿಲ್ಲ. ಅನೇಕ ಡೆಸ್ಕ್‌ಟಾಪ್‌ಗಳ ಬಯೋಸ್‌ನಲ್ಲಿ, ಕರೆಂಟ್ ಬಂದೊಡನೆ ತಾನಾಗಿ ಆನ್ ಆಗುವ ಆಯ್ಕೆ ಇರುತ್ತದೆ. ಅದಿಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಬಟನ್ ಒತ್ತಲೇಬೇಕು.

ಪರದೆ ಬಂದರೂ ಕೆಲಸ ತಡವರಿಸುತ್ತಿದ್ದರೆ, ಮನೆಯ ಇಂಟರ್ನೆಟ್‌ನ ಅಪ್‌ಲೋಡ್ ವೇಗ ಪರೀಕ್ಷಿಸಿ. ಚಿತ್ರ ಅಲ್ಲಿಂದ ಹೊರಗೆ ಬರಬೇಕಾದ್ದರಿಂದ ಡೌನ್‌ಲೋಡ್ ವೇಗ ಎಷ್ಟಿದ್ದರೂ ಸಾಲದು. ಲೆಕ್ಕಪತ್ರಕ್ಕೆ ಈ ಸ್ವಲ್ಪ ವಿಳಂಬ ಸಹಿಸಬಹುದು, ವಿಡಿಯೋ ಎಡಿಟಿಂಗ್‌ಗೆ ಇದು ಆಗಿಬರುವುದಿಲ್ಲ.

ಅಪಾಯ ಎಲ್ಲಿದೆ?

ಇದೇ ಸೇವೆಯಲ್ಲಿ ಇನ್ನೊಂದು ದಾರಿಯಿದೆ. ಸಹಾಯ ಪಡೆಯಲೆಂದು 12 ಅಂಕಿಗಳ ಕೋಡ್ ತಯಾರಿಸಿ ಬೇರೆಯವರಿಗೆ ಕೊಡಬಹುದು. ಆ ಕೋಡ್ 5 ನಿಮಿಷ ಮಾತ್ರ ಚಾಲ್ತಿಯಲ್ಲಿರುತ್ತದೆ. ಆದರೆ ಅಷ್ಟರೊಳಗೆ ಅದನ್ನು ಬಳಸಿದವರಿಗೆ ನೀವು ಅನುಮತಿ ಕೊಟ್ಟರೆ, ನಿಮ್ಮ ಇಡೀ ಕಂಪ್ಯೂಟರ್ ಅವರ ಕೈಗೆ ಹೋಗುತ್ತದೆ. ನಿಮ್ಮ ಸ್ವಂತ ಕಂಪ್ಯೂಟರನ್ನು ನೀವೇ ತೆರೆಯಲು ಈ ಕೋಡ್ ಬೇಕಿಲ್ಲ. ಬ್ಯಾಂಕಿನವರು, ಕಸ್ಟಮರ್ ಕೇರ್‌ನವರು ಎಂದು ಹೇಳಿಕೊಂಡು ಫೋನಿನಲ್ಲಿ ಕೋಡ್ ಕೇಳಿದರೆ ಕೊಡಬೇಡಿ, ಕರೆ ಕತ್ತರಿಸಿ.

ರೌಟರಿನಲ್ಲಿ 3389 ಪೋರ್ಟ್ ತೆರೆದಿಡಿ ಎಂಬ ಸಲಹೆಯನ್ನೂ ಪಾಲಿಸಬೇಡಿ. ಅದು ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲು. ಹಾಗೆ ತೆರೆದ ಬಾಗಿಲನ್ನು ಹುಡುಕಿ ಪಾಸ್‌ವರ್ಡ್ ಊಹಿಸುವ ಪ್ರಯತ್ನ ಇಂಟರ್ನೆಟ್‌ನಲ್ಲಿ ಸದಾ ನಡೆಯುತ್ತಿರುತ್ತದೆ. ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್‌ಗೆ ಆ ಬಾಗಿಲು ತೆರೆಯುವ ಅಗತ್ಯವೇ ಇಲ್ಲ. ಅಲ್ಲಿ ಕೀಲಿ ನಿಮ್ಮ ಗೂಗಲ್ ಖಾತೆ, ಹಾಗಾಗಿ ಅದಕ್ಕೆ ಎರಡು ಹಂತದ ಪರಿಶೀಲನೆ ಹಾಕಿಡಿ.

ಒಟ್ಟಿನಲ್ಲಿ

ಕ್ರೋಮ್‌ಬುಕ್ ಕೊಂಡರೆ ವಿಂಡೋಸ್ ಕಂಪ್ಯೂಟರೇ ಬೇಡ ಎಂಬುದು ತಪ್ಪು. ಮನೆಯಲ್ಲಿ ಎಚ್ಚರವಾಗಿರುವ ವಿಂಡೋಸ್ ಕಂಪ್ಯೂಟರ್ ಮತ್ತು ಅದಕ್ಕೆ ಇಂಟರ್ನೆಟ್ ಇದ್ದರೆ ಮಾತ್ರ, ಅದನ್ನು ಕ್ರೋಮ್‌ಬುಕ್‌ನಿಂದ ಬಳಸಬಹುದು ಎಂಬುದು ಸರಿ.